ಹಿರಿಯರ ರಿಯಾಯಿತಿ ಸಿಗದಿದ್ದರೆ ಹೆಚ್ಚು ಕೊಟ್ಟ ಹಣ ಮರಳಿ ಕೇಳುವುದು ಹೇಗೆ?

ಕೆಎಸ್ಆರ್‌ಟಿಸಿಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ, 60 ವರ್ಷ ತುಂಬಿದ ಕರ್ನಾಟಕದ ನಿವಾಸಿಗಳಿಗೆ ಮೂಲ ಪ್ರಯಾಣ ದರದಲ್ಲಿ ಶೇ 25 ರಿಯಾಯಿತಿ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಟಿಕೆಟ್ ದುಡ್ಡೇ ಇಲ್ಲ. ಹಾಗಾಗಿ ರಿಯಾಯಿತಿಯ ತಕರಾರು ಈಗ ಹೆಚ್ಚಾಗಿ ಹಿರಿಯ ಗಂಡಸರದು. ಮಡಿಕೇರಿಯಿಂದ ಮೈಸೂರಿಗೆ ಆಸ್ಪತ್ರೆಗೆಂದು ತಿಂಗಳಿಗೆ ಎರಡು ಸಲ ಹೋಗಿಬರುವವರಿಗೆ ಇದು ಬಿಟ್ಟುಕೊಡುವ ಮೊತ್ತವಲ್ಲ.

ಪತ್ರ ಬರೆಯುವ ಮೊದಲು, ರಿಯಾಯಿತಿ ನಿರಾಕರಿಸಿದ್ದು ನಿಜಕ್ಕೂ ತಪ್ಪೇ ಎಂದು ನೋಡಿಕೊಳ್ಳಿ. ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸದೆ ಪೂರ್ತಿ ಟಿಕೆಟ್ ಪಡೆದು, ಮನೆಗೆ ಬಂದ ಮೇಲೆ ಆಧಾರ್ ಲಗತ್ತಿಸಿದರೆ ಪತ್ರ ನಿಲ್ಲುವುದಿಲ್ಲ. ಹವಾನಿಯಂತ್ರಿತ ಐರಾವತ ಹತ್ತಿದ್ದರೆ ಅಲ್ಲಿ ಈ ರಿಯಾಯಿತಿಯೇ ಇಲ್ಲ. ಖಾಸಗಿ ಬಸ್ಸಿಗೂ ನಿಗಮದ ನಿಯಮ ಅನ್ವಯಿಸದು. ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ವಿರಾಜಪೇಟೆ ಕಡೆ ಓಡಾಡುವ ಕೇರಳ ಸಾರಿಗೆ ಬಸ್ಸಿನ ಮೇಲೂ ಕೆಎಸ್ಆರ್‌ಟಿಸಿ ಎಂದೇ ಬರೆದಿರುತ್ತದೆ. ಅದು ಬೇರೆ ರಾಜ್ಯದ ಬೇರೆ ನಿಗಮ, ಆ ದೂರು ಬೆಂಗಳೂರಿಗೆ ಬಂದರೆ ವ್ಯರ್ಥ.

ಗುರುತಿನ ಚೀಟಿಯಲ್ಲೂ ಎರಡು ದೋಷ ಮೊದಲೇ ಗಮನಿಸಬೇಕು. ಹಳೆಯ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ಇಸವಿ ಮಾತ್ರ ಇರುತ್ತದೆ. 60ರ ಅಂಚಿನಲ್ಲಿ ಇರುವವರಿಗೆ ಇದರಿಂದಲೇ ವಾದ ಹುಟ್ಟುತ್ತದೆ. ವಿಳಾಸ ಕಣ್ಣೂರಿನದ್ದೋ ಕಾಸರಗೋಡಿನದ್ದೋ ಆಗಿದ್ದರೆ, ಎಷ್ಟು ವರ್ಷ ಕೊಡಗಿನಲ್ಲಿ ಇದ್ದರೂ ನಿರ್ವಾಹಕರು ಒಪ್ಪದಿರುವುದಕ್ಕೆ ಕಾರಣ ಇದೆ. ಆದರೆ ಫೋಟೊ, ವಯಸ್ಸು, ಕರ್ನಾಟಕದ ವಿಳಾಸ ಮೂರೂ ಇರುವ ಸರ್ಕಾರಿ ಚೀಟಿಯ ಅಸಲನ್ನು ತೋರಿಸಿದ ಮೇಲೂ ‘ಹಿರಿಯ ನಾಗರಿಕರ ಕಾರ್ಡೇ ಬೇಕು’ ಎಂದೋ ‘ಯಂತ್ರದಲ್ಲಿ ಬರುತ್ತಿಲ್ಲ’ ಎಂದೋ ಪೂರ್ತಿ ದರ ಪಡೆದಿದ್ದರೆ ಧೈರ್ಯವಾಗಿ ಬರೆಯಿರಿ.

ನಿಮ್ಮ ಕೈಯಲ್ಲಿರುವ ಏಕೈಕ ಗಟ್ಟಿ ಸಾಕ್ಷಿ ಟಿಕೆಟ್. ಅದು ಶಾಖಕ್ಕೆ ಕಪ್ಪಾಗುವ ಕಾಗದ. ಮಳೆಗಾಲದಲ್ಲಿ ಜೇಬಿನ ತೇವಕ್ಕೆ ಅಕ್ಷರ ಮಾಸುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೂ ಮಾಸುತ್ತದೆ, ಲ್ಯಾಮಿನೇಟ್ ಮಾಡಿಸಿದರೆ ಬಿಸಿಗೆ ಇಡೀ ಚೀಟಿ ಕಪ್ಪಾಗಿಬಿಡುತ್ತದೆ. ಇಳಿದ ತಕ್ಷಣ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಅಂದೇ ಎರಡು ಜೆರಾಕ್ಸ್ ಮಾಡಿಸಿ, ಅಸಲನ್ನು ಒಣ ಪುಸ್ತಕದೊಳಗೆ ಇಡಿ. ಅಸಲನ್ನು ಯಾರಿಗೂ ಕಳಿಸಬೇಡಿ. ಟಿಕೆಟಿನ ಮೇಲಿರುವ ಟಿಕೆಟ್ ಸಂಖ್ಯೆ, ದಿನಾಂಕ, ಸಮಯ, ಘಟಕದ ಅಂದರೆ ಡಿಪೊದ ಹೆಸರು, ನಿರ್ವಾಹಕರ ಬಿಲ್ಲೆ ಸಂಖ್ಯೆ, ಹತ್ತಿದ ಮತ್ತು ಇಳಿದ ಊರು, ಇವನ್ನೆಲ್ಲ ಅಂದೇ ಒಂದು ಹಾಳೆಗೆ ಇಳಿಸಿಕೊಳ್ಳಿ. ಬಸ್ಸಿನ ನೋಂದಣಿ ಸಂಖ್ಯೆಯನ್ನೂ ಬರೆದುಕೊಳ್ಳಿ. ನಿರ್ವಾಹಕರ ಹೆಸರು ಬೇಕಿಲ್ಲ, ಬಿಲ್ಲೆ ಸಂಖ್ಯೆ ಸಾಕು. ಯುಪಿಐ ಮೂಲಕ ಪಾವತಿಸಿದ್ದರೆ ಆ ವಹಿವಾಟಿನ ಸಂಖ್ಯೆಯೂ ಬೇಕು.

ಇನ್ನು ಲೆಕ್ಕ. ಹೆಚ್ಚಿನವರು ತಪ್ಪುವುದು ಇಲ್ಲೇ. ಟಿಕೆಟಿನ ಒಟ್ಟು ಮೊತ್ತದ ಕಾಲು ಭಾಗ ಕೇಳಬಾರದು. ಒಟ್ಟು ಮೊತ್ತದಲ್ಲಿ ಅಪಘಾತ ಪರಿಹಾರ ನಿಧಿ ಮತ್ತು ಟೋಲ್ ಇದ್ದ ಕಡೆ ಅದರ ಪಾಲೂ ಸೇರಿರುತ್ತದೆ, ರಿಯಾಯಿತಿ ಇರುವುದು ಮೂಲ ದರಕ್ಕೆ ಮಾತ್ರ. ಲೆಕ್ಕ ಸುಲಭವಾಗಲೆಂದು ಒಟ್ಟು 168 ರೂಪಾಯಿ, ಅದರಲ್ಲಿ ಮೂಲ ದರ 160 ಎಂದಿಟ್ಟುಕೊಳ್ಳೋಣ. 160ರ ಶೇ 25 ಎಂದರೆ 40 ರೂಪಾಯಿ, ಕೇಳಬೇಕಾದದ್ದು ಇಷ್ಟೇ. 168ಕ್ಕೆ ಲೆಕ್ಕ ಹಾಕಿ 42 ಕೇಳಿದರೆ, ಆ ಎರಡು ರೂಪಾಯಿಯ ತಪ್ಪನ್ನೇ ಹಿಡಿದು ಪತ್ರ ವಾಪಸ್ ಬರಬಹುದು. ಮೂಲ ದರ ಬೇರೆಯಾಗಿ ಕಾಣದಿದ್ದರೆ, ಅದೇ ಮಾರ್ಗದ ಅದೇ ದರ್ಜೆಯ ಬಸ್ಸಿನಲ್ಲಿ ಪಡೆದ ಹಿರಿಯ ನಾಗರಿಕರ ಟಿಕೆಟನ್ನು ಪಕ್ಕದಲ್ಲಿಟ್ಟು ವ್ಯತ್ಯಾಸ ತೆಗೆಯಿರಿ. ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ನಡುವೆ ದರ ಏರಿರಬಾರದು, ಅಷ್ಟೇ.

ಪತ್ರ ಯಾರಿಗೆ? ನೀವು ಹತ್ತಿದ ಊರಿಗೂ ಇದಕ್ಕೂ ಸಂಬಂಧವಿಲ್ಲ, ಬಸ್ಸು ಯಾವ ಘಟಕದ್ದೋ ಆ ವಿಭಾಗಕ್ಕೆ ಹೋಗಬೇಕು. ಮಡಿಕೇರಿ ಘಟಕ ಪುತ್ತೂರು ವಿಭಾಗದಲ್ಲಿದೆ. ಮಡಿಕೇರಿ ನಿಲ್ದಾಣದಲ್ಲೇ ಹತ್ತಿದ್ದರೂ ಬಸ್ಸು ಮೈಸೂರಿನ ಘಟಕದ್ದಾಗಿದ್ದರೆ ಪುತ್ತೂರಿಗೆ ಬರೆದು ಫಲವಿಲ್ಲ. ನೋಂದಣಿ ಸಂಖ್ಯೆಯಿಂದ ಊಹಿಸಲೂ ಹೋಗಬೇಡಿ, ಬಸ್ಸುಗಳೂ ಘಟಕದಿಂದ ಘಟಕಕ್ಕೆ ವರ್ಗವಾಗುತ್ತವೆ. ಟಿಕೆಟಿನಲ್ಲಿರುವ ಘಟಕದ ಹೆಸರನ್ನೇ ನಂಬಿ.

ಮಡಿಕೇರಿ ಘಟಕದ ಬಸ್ಸಾದರೆ ಪತ್ರ ಹೀಗಿರಲಿ:

ಇವರಿಗೆ,
ವಿಭಾಗೀಯ ನಿಯಂತ್ರಣಾಧಿಕಾರಿಗಳು,
ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ, ಪುತ್ತೂರು ವಿಭಾಗ

ವಿಷಯ: ಹಿರಿಯ ನಾಗರಿಕರ ರಿಯಾಯಿತಿ ನಿರಾಕರಿಸಿ ಪಡೆದ ಹೆಚ್ಚುವರಿ 40 ರೂ. ಮರುಪಾವತಿ ಕುರಿತು

ಮಾನ್ಯರೇ,

ನನ್ನ ವಯಸ್ಸು 66, ಮಡಿಕೇರಿ ತಾಲ್ಲೂಕಿನ ನಿವಾಸಿ. ದಿನಾಂಕ ____ರಂದು ಬೆಳಿಗ್ಗೆ ____ ಗಂಟೆಗೆ ತಮ್ಮ ಮಡಿಕೇರಿ ಘಟಕದ ____ ಸಂಖ್ಯೆಯ ವೇಗದೂತ ಬಸ್ಸಿನಲ್ಲಿ ಮಡಿಕೇರಿಯಿಂದ ಮೈಸೂರಿಗೆ ಪ್ರಯಾಣಿಸಿದೆನು. ಟಿಕೆಟ್ ಕೊಡುವ ಮೊದಲೇ ಅಸಲು ಆಧಾರ್ ಕಾರ್ಡ್ ತೋರಿಸಿ ರಿಯಾಯಿತಿ ಕೇಳಿದೆನು. ಬಿಲ್ಲೆ ಸಂಖ್ಯೆ ____ರ ನಿರ್ವಾಹಕರು ಹಿರಿಯ ನಾಗರಿಕರ ಪ್ರತ್ಯೇಕ ಕಾರ್ಡೇ ಬೇಕೆಂದು ತಿಳಿಸಿ, ಟಿಕೆಟ್ ಸಂಖ್ಯೆ ____ರಂತೆ 168 ರೂ. ಪಡೆದರು. ಮೂಲ ದರ 160 ರೂ.ಗೆ ಶೇ 25ರಂತೆ 40 ರೂ. ಹೆಚ್ಚು ಪಡೆದಂತಾಗಿದೆ.

ದಯವಿಟ್ಟು ನಿರ್ವಾಹಕರ ಆ ದಿನದ ಟಿಕೆಟ್ ಲೆಕ್ಕದ ವೇ ಬಿಲ್ ಪರಿಶೀಲಿಸಿ 40 ರೂ.ಗಳನ್ನು ಕೆಳಗಿನ ಬ್ಯಾಂಕ್ ಖಾತೆಗೆ ಮರುಪಾವತಿಸಬೇಕು, ಯಾವ ಗುರುತಿನ ಚೀಟಿ ಸಾಕು ಎಂಬುದನ್ನು ಘಟಕದ ನಿರ್ವಾಹಕರಿಗೆ ತಿಳಿಸಬೇಕು, ಮತ್ತು 30 ದಿನಗಳೊಳಗೆ ಲಿಖಿತ ಉತ್ತರ ನೀಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ, ವಿಳಾಸ, ಮೊಬೈಲ್ ಸಂಖ್ಯೆ, ಖಾತೆ ಸಂಖ್ಯೆ, ಐಎಫ್ಎಸ್‌ಸಿ)

ಲಗತ್ತು: ಟಿಕೆಟ್ ಮತ್ತು ಆಧಾರ್‌ನ ಜೆರಾಕ್ಸ್

ಈ ಪತ್ರದಲ್ಲಿ ಭಾರ ಹೊರುವ ಮಾತು ‘ಟಿಕೆಟ್ ಕೊಡುವ ಮೊದಲೇ’ ಎಂಬುದು. ಯಂತ್ರದಲ್ಲಿ ಟಿಕೆಟ್ ಹೊರಬಂದ ಮೇಲೆ ಚೀಟಿ ತೋರಿಸಿದ್ದರೆ ಅದು ನಿರಾಕರಣೆಯಲ್ಲ ಎಂದು ವಾದಿಸಬಹುದು. ಆದ್ದರಿಂದ ನಡೆದ ಕ್ರಮವನ್ನು ನಡೆದ ಹಾಗೆಯೇ ಬರೆಯಿರಿ. ಆಧಾರ್ ಜೆರಾಕ್ಸಿನಲ್ಲಿ ಮೊದಲ ಎಂಟು ಅಂಕಿಗಳನ್ನು ಮುಚ್ಚಿ, ‘ಕೆಎಸ್ಆರ್‌ಟಿಸಿ ಮರುಪಾವತಿಗೆ ಮಾತ್ರ’ ಎಂದು ಅಡ್ಡ ಬರೆದು ಸಹಿ ಹಾಕಿ.

ನಿರ್ವಾಹಕರನ್ನು ಅಮಾನತು ಮಾಡಿ ಎಂದು ಇದೇ ಪತ್ರದಲ್ಲಿ ಕೇಳದಿರುವುದು ಒಳ್ಳೆಯದು. ಶಿಸ್ತು ಕ್ರಮಕ್ಕೆ ಹೇಳಿಕೆ, ವಿಚಾರಣೆ ಎಂದು ಅದರದೇ ದಾರಿ ಇದೆ, ನಿಮ್ಮ 40 ರೂಪಾಯಿ ಅದರ ಹಿಂದೆ ಕಾದು ಕೂರುತ್ತದೆ. ಕೆಟ್ಟದಾಗಿ ಬೈದಿದ್ದರೆ ಅದನ್ನು ಬೇರೆ ಪತ್ರದಲ್ಲಿ ಬರೆಯಿರಿ.

ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನು ಟಿಕೆಟಿನ ಜೊತೆಗೇ ಇಡಿ. ಘಟಕಕ್ಕೆ ಹೋಗಿ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ. 30 ದಿನವಾದರೂ ಉತ್ತರ ಬಾರದಿದ್ದರೆ ಅದೇ ಪತ್ರವನ್ನು ಲಗತ್ತಿಸಿ ಬೆಂಗಳೂರು ಶಾಂತಿನಗರ ಕೆ.ಎಚ್. ರಸ್ತೆಯ ಕೇಂದ್ರ ಕಚೇರಿಗೆ ಬರೆಯಬಹುದು, ಅಥವಾ 1902ಕ್ಕೆ ಕರೆ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲಿ ದೂರು ದಾಖಲಿಸಬಹುದು.

ಮಾಹಿತಿ ಹಕ್ಕಿನ ಅರ್ಜಿ ಇದಕ್ಕೆ ಒಳ್ಳೆಯ ಜೊತೆ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ರಿಯಾಯಿತಿಗೆ ಯಾವ ಗುರುತಿನ ಚೀಟಿ ಸಾಕು ಎಂಬ ಸುತ್ತೋಲೆಯ ದೃಢೀಕೃತ ಪ್ರತಿ ಕೇಳಿ. ಅದು ಕೈಗೆ ಬಂದರೆ ಮುಂದಿನ ಪ್ರಯಾಣಕ್ಕೂ ಜೇಬಿನಲ್ಲಿಟ್ಟುಕೊಳ್ಳಬಹುದು. ಕೊನೆಯ ದಾರಿ ಮಡಿಕೇರಿಯಲ್ಲೇ ಇರುವ ಜಿಲ್ಲಾ ಗ್ರಾಹಕರ ಆಯೋಗ. ಘಟನೆ ನಡೆದು ಎರಡು ವರ್ಷದೊಳಗೆ ಹೋಗಬೇಕು, ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲ. ಅಲ್ಲಿ ಹಾಜರುಪಡಿಸುವುದೂ ಪುಸ್ತಕದೊಳಗೆ ಒಣಗಿಸಿಟ್ಟ ಅದೇ ಅಸಲು ಟಿಕೆಟನ್ನು.