ಶುಲ್ಕ ಸೊನ್ನೆ ಅಂದರೂ ಯೂರೊ ಕಡಿಮೆ ತಲುಪುವುದೇಕೆ?

ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಅವಳ ಸೆಮಿಸ್ಟರ್ ಶುಲ್ಕ 340 ಯೂರೊವನ್ನು ನಾನೇ ಇಲ್ಲಿಂದ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ಕಳಿಸಿದ್ದೆ. ಅಲ್ಲಿಗೆ ತಲುಪಿದ್ದು 325. ಆ 15 ಯೂರೊ ತುಂಬುವ ತನಕ ಅವಳ ಮರುನೋಂದಣಿ ಆಗಲಿಲ್ಲ. ಬ್ಯಾಂಕಿನ ರಸೀದಿಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು! ಅವತ್ತಿನಿಂದ ನಾನು ಹಣ ಕಳಿಸುವ ಮೊದಲು ಒಂದು ಚೀಟಿಯಲ್ಲಿ ಲೆಕ್ಕ ಹಾಕುತ್ತೇನೆ. ನೀವೂ ಹಾಕಿ, ಐದು ನಿಮಿಷದ ಕೆಲಸ.

ಮೊದಲು ಅವತ್ತಿನ ನಿಜವಾದ ದರ ತಿಳಿದುಕೊಳ್ಳಿ. ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಂಡು ಮಾರುವ ದರದ ನಡುವಿನ ಬೆಲೆ ಇದು. ಗೂಗಲ್‌ನಲ್ಲಿ ಹುಡುಕಿದರೆ ಹೆಚ್ಚುಕಡಿಮೆ ಇದೇ ಸಿಗುತ್ತದೆ. ಎಫ್‌ಬಿಐಎಲ್ ಸಂಸ್ಥೆ ಕೆಲಸದ ದಿನಗಳಲ್ಲಿ ಮಧ್ಯಾಹ್ನ ಡಾಲರ್, ಯೂರೊ, ಪೌಂಡ್, ಯೆನ್‌ಗೆ ರೆಫರೆನ್ಸ್ ದರವನ್ನೂ ಪ್ರಕಟಿಸುತ್ತದೆ. ಈ ದರದಲ್ಲಿ ನಮಗೆ ಯಾರೂ ಯೂರೊ ಕೊಡುವುದಿಲ್ಲ, ಅದು ಅಳೆಯುವ ಕೋಲು ಅಷ್ಟೆ. ಆಮೇಲೆ ಬ್ಯಾಂಕಿನ ‘ಟಿಟಿ ಸೆಲ್ಲಿಂಗ್’ ದರ, ಅಂದರೆ ಖಾತೆಯಿಂದ ವಿದೇಶಕ್ಕೆ ಹಣ ಕಳಿಸುವವರಿಗೆ ಹಾಕುವ ದರ ಕೇಳಿ. ನೋಟು ಕೊಳ್ಳುವವರಿಗೆ ಹೇಳುವ ದರ ಬೇರೆ, ಅದನ್ನು ಬರೆದುಕೊಂಡು ಬರಬೇಡಿ. ನಿಜವಾದ ದರಕ್ಕೂ ಈ ಟಿಟಿ ಸೆಲ್ಲಿಂಗ್ ದರಕ್ಕೂ ಇರುವ ವ್ಯತ್ಯಾಸವೇ ಮಾರ್ಜಿನ್. ಇದು ರಸೀದಿಯಲ್ಲಿ ಬೇರೆ ಸಾಲಾಗಿ ಸಾಮಾನ್ಯವಾಗಿ ಕಾಣುವುದಿಲ್ಲ, ದರದೊಳಗೇ ಕರಗಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಸುಲಭವಾಗಲಿ ಎಂದು ನಿಜವಾದ ದರ ಯೂರೊಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಬ್ಯಾಂಕು ‘ಶುಲ್ಕವೇ ಇಲ್ಲ’ ಅನ್ನುತ್ತದೆ, ದರ ಮಾತ್ರ 102.50. ಇನ್ನೊಂದು 1,000 ರೂಪಾಯಿ ಶುಲ್ಕ, ಅದರ ಮೇಲೆ 18% ಜಿಎಸ್‌ಟಿ ಸೇರಿ 1,180 ಕೇಳುತ್ತದೆ, ದರ 100.80. (ಕರೆನ್ಸಿ ಬದಲಾವಣೆಯ ಮೇಲೂ ಒಂದು ಜಿಎಸ್‌ಟಿ ಇದೆ. ಒಂದು ಲಕ್ಷಕ್ಕೆ 180 ರೂಪಾಯಿ. ಅದು ಎರಡೂ ಕಡೆ ಒಂದೇ, ಹಾಗಾಗಿ ಇಲ್ಲಿ ಬಿಟ್ಟಿದ್ದೇನೆ.)

ನಿಮ್ಮ ಕೈಯಲ್ಲಿ 20,000 ರೂಪಾಯಿ ಇದ್ದರೆ ಮೊದಲನೆಯ ಬ್ಯಾಂಕಿನಲ್ಲಿ ಸುಮಾರು 195 ಯೂರೊ ಸಿಗುತ್ತದೆ, ಎರಡನೆಯದರಲ್ಲಿ 187. ಇಲ್ಲಿ ‘ಶುಲ್ಕವಿಲ್ಲ’ ಅನ್ನುವ ಬ್ಯಾಂಕೇ ಲಾಭ. ಒಂದು ಲಕ್ಷಕ್ಕೆ ಹೋದರೆ 976 ಮತ್ತು 980, ತಕ್ಕಡಿ ಆಗಲೇ ಎರಡನೆಯದರ ಕಡೆ ವಾಲಿದೆ. ಐದು ಲಕ್ಷಕ್ಕೆ 4,878 ಮತ್ತು 4,949. ಶುಲ್ಕ ಉಳಿಸಲು ಹೋಗಿ 71 ಯೂರೊ, ಅಂದರೆ ಏಳು ಸಾವಿರ ರೂಪಾಯಿ ಕಳೆದುಕೊಂಡ ಹಾಗಾಯಿತು, ಅಲ್ವಾ?

ಈ ಲೆಕ್ಕದಲ್ಲಿ ಎಷ್ಟು ಹಣ ಕಳಿಸಿದರೂ ಶುಲ್ಕ ಅಷ್ಟೇ ಇರುತ್ತದೆ, ಮಾರ್ಜಿನ್ ಮೊತ್ತದ ಜೊತೆ ಬೆಳೆಯುತ್ತದೆ. ಯಾವ ಮೊತ್ತದಲ್ಲಿ ಎರಡೂ ಸಮ ಎಂದು ತಿಳಿಯಲು ಒಂದು ಭಾಗಾಕಾರ ಸಾಕು. ಜಾಸ್ತಿ ಕೊಡುವ ಶುಲ್ಕವನ್ನು ಎರಡು ದರಗಳ ವ್ಯತ್ಯಾಸದಿಂದ ಭಾಗಿಸಿ. 1,180 ÷ 1.70 = 694. ತಲುಪಬೇಕಾದ್ದು 694 ಯೂರೊಗಿಂತ ಕಡಿಮೆ ಇದ್ದರೆ ಮೊದಲ ಬ್ಯಾಂಕು, ಹೆಚ್ಚಿದ್ದರೆ ಎರಡನೆಯದು. ದೊಡ್ಡ ಮೊತ್ತವಾದರೆ ಶಾಖೆಯಲ್ಲಿ ‘ಮಾರ್ಜಿನ್ ಎಷ್ಟು ಪೈಸೆ ಹಾಕ್ತೀರಿ, ಸ್ವಲ್ಪ ಇಳಿಸಿ’ ಎಂದು ಕೇಳಿ ನೋಡಿ. ಎಷ್ಟೋ ಕಡೆ ಇಳಿಸುತ್ತಾರೆ, ಸುಮ್ನೆ ಇದ್ದವರಿಗೆ ಬೋರ್ಡಿನ ದರವೇ ಗತಿ.

ಇನ್ನು ನನ್ನ ಆ 15 ಯೂರೊ. ಬೇರೆ ಬೇರೆ ದೇಶಗಳ ಬ್ಯಾಂಕುಗಳನ್ನು ಜೋಡಿಸುವ ಸ್ವಿಫ್ಟ್ ಜಾಲದ ಮೂಲಕ ಹೋಗುವ ಹಣ ದಾರಿಯಲ್ಲಿ ಒಂದೋ ಎರಡೋ ಮಧ್ಯವರ್ತಿ ಬ್ಯಾಂಕುಗಳನ್ನು ದಾಟಿ ಹೋಗಬಹುದು. ಅವು ತಮ್ಮ ಕೂಲಿಯನ್ನು ಆ ಹಣದಿಂದಲೇ ಮುರಿದುಕೊಳ್ಳುತ್ತವೆ. ಅರ್ಜಿಯಲ್ಲಿ ‘ವಿದೇಶಿ ಬ್ಯಾಂಕಿನ ಖರ್ಚು ಯಾರದು’ ಎಂಬ ಕಡೆ `SHA` ಎಂದಿದ್ದರೆ ಆ ಕಡಿತ ಪಡೆಯುವವರ ಮೇಲೆ ಬೀಳುತ್ತದೆ. `BEN` ಎಂದಿದ್ದರೆ ಇಲ್ಲಿನ ಖರ್ಚೂ ಅವರದೇ. `OUR` ಎಂದರೆ ನಾವೇ ಇಲ್ಲಿ ಮೊದಲೇ ಕೊಡುತ್ತೇವೆ, ಅದಕ್ಕೆ ಬ್ಯಾಂಕು ಬೇರೆ ಹಣ ಕೇಳುತ್ತದೆ. ನಾನು ಆ ಕಡೆ ಕಣ್ಣೇ ಹಾಯಿಸಿರಲಿಲ್ಲ. 340ರಲ್ಲಿ 15 ಅಂದರೆ ನೂರಕ್ಕೆ ನಾಲ್ಕಕ್ಕಿಂತ ಜಾಸ್ತಿ, ಮೇಲಿನ ಲೆಕ್ಕದ ಎರಡೂ ಮಾರ್ಜಿನ್‌ಗಿಂತ ಭಾರಿ ಪೆಟ್ಟು. ಸೆಮಿಸ್ಟರ್ ಶುಲ್ಕ, ಬಾಡಿಗೆಯಂಥ ಪೂರ್ತಿ ತಲುಪಲೇಬೇಕಾದ ಹಣಕ್ಕೆ `OUR` ಕೇಳಿ. ಮನೆಖರ್ಚಿಗಾದರೆ ಪ್ರತಿ ತಿಂಗಳು ಚೂರು ಚೂರು ಕಳಿಸುವ ಬದಲು ಮೂರು ತಿಂಗಳದ್ದನ್ನು ಒಟ್ಟಿಗೆ ಕಳಿಸಿ. ಮತ್ತೆ, ಯೂರೊ ಖಾತೆಗೆ ಯೂರೊವನ್ನೇ ಕಳಿಸಿ. ಡಾಲರ್ ಕಳಿಸಿದರೆ ಅಲ್ಲಿನ ಬ್ಯಾಂಕು ಇನ್ನೊಮ್ಮೆ ಬದಲಾಯಿಸಿ ಇನ್ನೊಂದು ಮಾರ್ಜಿನ್ ಹಿಡಿಯುತ್ತದೆ.

ವಿದೇಶಕ್ಕೆ ಕಳಿಸಿದ್ದು ವರ್ಷಕ್ಕೆ 10 ಲಕ್ಷ ದಾಟಿದರೆ ಬ್ಯಾಂಕು ಮುಂಗಡವಾಗಿ ಹಿಡಿಯುವ ತೆರಿಗೆ, ಅಂದರೆ ಟಿಸಿಎಸ್, ಈ ಲೆಕ್ಕಕ್ಕೆ ಸೇರದು. ಅದು ನಿಮ್ಮ ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ, ಕೈಯಿಂದ ಆಗ ಹೊರಡುವ ರೂಪಾಯಿ ಮಾತ್ರ ಜಾಸ್ತಿ.

ಹಣ ಹೋದ ಮೇಲೆ ಬ್ಯಾಂಕಿನಿಂದ ಸ್ವಿಫ್ಟ್ ಕಾಪಿ ಕೇಳಿ ಪಡೆಯಿರಿ. ಕಳಿಸಿದ ಮೊತ್ತ, ಖರ್ಚು ಯಾರದು ಎಂಬ ಕೋಡ್ ಎರಡೂ ಅದರಲ್ಲಿರುತ್ತವೆ. ಮಗಳ ಕಡೆಯಿಂದ ಖಾತೆಗೆ ಜಮಾ ಆದ ಮೊತ್ತದ ಫೋಟೊ ತರಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. `OUR` ಎಂದಿದ್ದೂ ಕಡಿಮೆ ಬಿದ್ದಿದ್ದರೆ ಆ ಎರಡು ಕಾಗದ ಹಿಡಿದು ಶಾಖೆಗೆ ಹೋಗಿ, ದಾರಿಯಲ್ಲಿ ಯಾರು ಮುರಿದುಕೊಂಡರು ಎಂದು ವಿಚಾರಿಸಲು ಬರೆದುಕೊಡಿ.