ಒಂದು ಕಾಲರಿನ ಖರ್ಚು, ಒಂದು ಕಾಲರಿನ ಕೆಲಸ

ಬೈಕಂಪಾಡಿಯ ನಮ್ಮ ಸಣ್ಣ ಘಟಕದಲ್ಲಿ ಹೋಟೆಲುಗಳಿಗೆ ತೆಂಗಿನಕಾಯಿ ತುರಿಯುವ ಯಂತ್ರ ತಯಾರಿಸುತ್ತೇವೆ. ತಿಂಗಳಿಗೆ ಸುಮಾರು 60 ಯಂತ್ರಗಳು ಹೊರಗೆ ಹೋಗುತ್ತವೆ, ಹೆಚ್ಚಿನವು ಮಂಗಳೂರು, ಉಡುಪಿಯ ಅಡುಗೆಮನೆಗಳಿಗೆ. ಸ್ಟೀಲಿನ ಬೆಲೆ ಏರಿದಾಗ ಯಂತ್ರದ ಬೆಲೆ ಏರಿಸುವ ಬದಲು ಒಂದೊಂದೇ ಬಿಡಿಭಾಗವನ್ನು ಮೇಜಿನ ಮೇಲಿಟ್ಟು ನೋಡಲು ಕುಳಿತೆ. ಮೊದಲು ಕೈಗೆ ಬಂದದ್ದು ಶಾಫ್ಟ್. ಒಂದು ತುದಿಗೆ ತುರಿಯುವ ಬ್ಲೇಡ್, ನಡುವೆ ಎರಡು ಬೇರಿಂಗ್, ಇನ್ನೊಂದು ತುದಿಗೆ ಮೋಟರ್. ಒಂದು ಶಾಫ್ಟಿಗೆ ನಮಗೆ ತಗಲುತ್ತಿದ್ದ ಖರ್ಚು 1,080 ರೂಪಾಯಿ.

ಖರ್ಚು ಕಡಿಮೆ ಮಾಡಬೇಕೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಅಗ್ಗದ ಕಚ್ಚಾವಸ್ತು. ನಮಗೂ ಆ ಸಲಹೆ ಬಂತು. ನಾವು ಬಳಸುವುದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಅದರ ಬದಲು 202 ಹಾಕಿದರೆ ಗಿರಾಕಿಗೆ ಗೊತ್ತೇ ಆಗುವುದಿಲ್ಲ ಎಂದು ಸ್ಟೀಲ್ ವ್ಯಾಪಾರಿಯೊಬ್ಬರು ಹೇಳಿದರು. ಆಯಸ್ಕಾಂತ ಹಿಡಿದು ನೋಡಿದರೂ ವ್ಯತ್ಯಾಸ ತಿಳಿಯುವುದಿಲ್ಲ ಎನ್ನುವುದು ನಿಜ. ಆದರೆ ಕಡಲ ಗಾಳಿ ಮತ್ತು ಉಪ್ಪು ನೀರಿನ ಅಡುಗೆಮನೆಯಲ್ಲಿ 202ರ ಮೇಲೆ ಕಂದು ಚುಕ್ಕೆಗಳು ಬೇಗ ಏಳುತ್ತವೆ, ಅಲ್ಲೇ ಗುಳಿ ಬೀಳುತ್ತದೆ. ತಿನ್ನುವ ವಸ್ತು ತಾಗುವ ಜಾಗದಲ್ಲಿ ಅದನ್ನು ನಾನು ಒಪ್ಪಲಾರೆ. ಅದು ಗುಣಮಟ್ಟವನ್ನು ಮಾರಿ ಹಣ ಉಳಿಸುವ ದಾರಿ. ನಾನು ಹಿಡಿದದ್ದು ಮೌಲ್ಯ ವಿಶ್ಲೇಷಣೆ, ಅಂದರೆ ಪ್ರತಿ ಭಾಗ ಮಾಡುವ ಕೆಲಸವನ್ನು ಉಳಿಸಿಕೊಂಡೇ ಅದರ ಖರ್ಚು ಇಳಿಸುವ ವಿಧಾನ.

1947ರ ಹೊತ್ತಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಈ ವಿಧಾನವನ್ನು ರೂಪಿಸಿದ ಲಾರೆನ್ಸ್ ಮೈಲ್ಸ್ ಕೇಳುತ್ತಿದ್ದ ಪ್ರಶ್ನೆ ಬೇರೆ: ಈ ಭಾಗ ಏನು ಮಾಡುತ್ತದೆ? ಉತ್ತರ ಎರಡೇ ಪದಗಳಲ್ಲಿರಬೇಕು, ಒಂದು ನಾಮಪದ, ಒಂದು ಕ್ರಿಯಾಪದ. ಶಾಫ್ಟಿಗೆ ನಾವು ಬರೆದುಕೊಂಡದ್ದು ಹೀಗೆ: ಬಲ ಒಯ್ಯುತ್ತದೆ, ಬೇರಿಂಗ್ ಕೂರಿಸುತ್ತದೆ, ಬ್ಲೇಡ್ ಹಿಡಿದಿಡುತ್ತದೆ, ತುಕ್ಕು ತಡೆಯುತ್ತದೆ. ಆಮೇಲೆ 1,080 ರೂಪಾಯಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಹೋಗುತ್ತಿದೆ ಎಂದು ಪಾಲು ಹಾಕಿದೆವು.

ಪಾಲು ಹಾಕುವುದು ಕಷ್ಟದ ಕೆಲಸ, ಏಕೆಂದರೆ ಬಿಲ್ಲಿನಲ್ಲಿ ಕಬ್ಬಿಣದ ತೂಕ ಇರುತ್ತದೆಯೇ ಹೊರತು ಕೆಲಸದ ಹೆಸರು ಇರುವುದಿಲ್ಲ. ನಾನು ಹಿಡಿದ ಉಪಾಯ ಸರಳ. ಒಂದು ಕೆಲಸವನ್ನು ಪಟ್ಟಿಯಿಂದ ಹೊಡೆದುಹಾಕಿ, ಉಳಿದ ಕೆಲಸಗಳಿಗೆ ಮಾತ್ರ ಶಾಫ್ಟ್ ಮಾಡುವುದಾದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವುದು. ವ್ಯತ್ಯಾಸವೇ ಆ ಕೆಲಸದ ಖರ್ಚು.

'ಬ್ಲೇಡ್ ಹಿಡಿದಿಡುತ್ತದೆ' ಎಂಬುದನ್ನು ಹೊಡೆದುಹಾಕಿದಾಗ ಕಣ್ಣು ತೆರೆಯಿತು. ಬ್ಲೇಡ್ ಹಿಂದಕ್ಕೆ ಸರಿಯದಂತೆ ಶಾಫ್ಟಿನಲ್ಲಿ 38 ಮಿ.ಮೀ. ವ್ಯಾಸದ, 12 ಮಿ.ಮೀ. ದಪ್ಪದ ಒಂದು ಕಾಲರ್ ಇತ್ತು, ಅಂದರೆ ಶಾಫ್ಟಿನ ಮೈಯಿಂದಲೇ ಉಂಗುರದಂತೆ ಹೊರಗೆ ಚಾಚಿದ ಭಾಗ. ಅದೊಂದು ಬರಲೆಂದು ನಾವು 280 ಮಿ.ಮೀ. ಉದ್ದದ ಶಾಫ್ಟನ್ನು ಪೂರ್ತಿ 40 ಮಿ.ಮೀ. ರಾಡಿನಿಂದ ಕಡೆಯುತ್ತಿದ್ದೆವು. ಅಷ್ಟು ರಾಡ್ 2.8 ಕಿಲೋ ತೂಗುತ್ತದೆ, ಮುಗಿದ ಶಾಫ್ಟ್ ಮುಕ್ಕಾಲು ಕಿಲೋ. ಎರಡು ಕಿಲೋ ಒಳ್ಳೆಯ ಸ್ಟೀಲ್ ಲೇತಿನ ಕೆಳಗೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು, ಕಿಲೋಗೆ 240 ಕೊಟ್ಟು ತಂದದ್ದನ್ನು 70 ರೂಪಾಯಿಗೆ ಗುಜರಿಗೆ ಹಾಕುತ್ತಿದ್ದೆವು. ಕಾಲರ್ ಇಲ್ಲದಿದ್ದರೆ 25 ಮಿ.ಮೀ. ರಾಡ್ ಸಾಕು, ತೂಕ ಬರೀ 1.1 ಕಿಲೋ. ಗುಜರಿಯ ಹಣ ಕಳೆದರೂ ಸ್ಟೀಲಿನಲ್ಲಿ 295, ಲೇತಿನ ಸಮಯದಲ್ಲಿ 160, ಒಟ್ಟು 455 ರೂಪಾಯಿ ಆ ಕಾಲರಿನ ಪಾಲು.

ಇನ್ನು ಆ ಕೆಲಸಕ್ಕೆ ತಕ್ಕ ಬೆಲೆ ಎಷ್ಟು? ಅದೇ ಕೆಲಸವನ್ನು ಕೈಕೊಡದಂತೆ ಮಾಡುವ ಅತಿ ಅಗ್ಗದ ದಾರಿಯ ಬೆಲೆಯೇ ತಕ್ಕ ಬೆಲೆ. 25 ಮಿ.ಮೀ. ರಾಡಿನ ತುದಿಯನ್ನು 16ಕ್ಕೆ ಇಳಿಸಿದರೆ ಅಲ್ಲೇ ಒಂದು ಮೆಟ್ಟಿಲು ಸಿಗುತ್ತದೆ, ಬ್ಲೇಡ್ ಅದಕ್ಕೆ ಆತುಕೊಳ್ಳುತ್ತದೆ. ಖರ್ಚು 30 ರೂಪಾಯಿ. ತಕ್ಕ ಬೆಲೆ 30, ಕೊಡುತ್ತಿರುವುದು 455. ಉಳಿದ ಮೂರು ಕೆಲಸಗಳಲ್ಲಿ ಇಷ್ಟು ದೊಡ್ಡ ಅಂತರ ಎಲ್ಲೂ ಇರಲಿಲ್ಲ. ಇನ್ನೂ ಸಣ್ಣ ರಾಡ್ ಏಕೆ ಬೇಡವೆಂದರೆ, ಬೇರಿಂಗಿನ ಒಳವ್ಯಾಸ 20 ಮಿ.ಮೀ. 22ರ ರಾಡ್ ತಂದರೆ ಬೇರಿಂಗ್ ಆತುಕೊಳ್ಳುವ ಮೆಟ್ಟಿಲು ಒಂದೇ ಮಿ.ಮೀ. ಆಗುತ್ತದೆ, ಅದು ಸಾಲದು.

ಹೊಸ ಶಾಫ್ಟ್ ಹಾಕಿದ ಐದು ಯಂತ್ರಗಳನ್ನು ಪರಿಚಯದ ಹೋಟೆಲುಗಳಿಗೆ ಕೊಟ್ಟೆವು. ಆರನೇ ವಾರ ಉಡುಪಿಯಿಂದ ಅಡುಗೆ ಭಟ್ಟರೊಬ್ಬರ ಫೋನ್. "ಮಾರಾಯರೇ, ನಿಮ್ಮ ಯಂತ್ರ ಅಳುತ್ತಿದೆ, ಒಮ್ಮೆ ಬಂದು ನೋಡಿ." ಬಿಚ್ಚಿದರೆ ಮುಂದಿನ ಬೇರಿಂಗಿನ ಗ್ರೀಸ್ ಹಾಲಿನಂತೆ ಬೆಳ್ಳಗಾಗಿತ್ತು. ನೀರು ಸೇರಿದ ಗ್ರೀಸ್ ಹಾಗಾಗುತ್ತದೆ. ಬೆರಳಿಗೆ ಹಚ್ಚಿ ಉಜ್ಜಿದರೆ ಜಿಡ್ಡೇ ಇಲ್ಲ, ಒಳಗೆ ಕಂದು ಗೆರೆ. ಹಳೆಯ ಯಂತ್ರಗಳಲ್ಲಿ ವರ್ಷಗಟ್ಟಲೆ ಹೀಗಾಗಿರಲಿಲ್ಲ, ಬೇರಿಂಗ್ ಅದೇ, ಅದನ್ನು ಕೂರಿಸಿದ ರೀತಿಯೂ ಅದೇ.

ನಮ್ಮ ಹಿರಿಯ ಟರ್ನರ್ ಒಂದು ಮಾತು ಹೇಳಿದರು: "ಆ ಕಾಲರ್ ಇದ್ದಾಗ ನೀರು ಹಿಂದೆ ಬರುತ್ತಿರಲಿಲ್ಲ ಅಲ್ಲವೇ?" ಪರೀಕ್ಷೆ ಮಾಡಿಯೇ ನೋಡೋಣವೆಂದು ಬ್ಲೇಡ್ ಕಳಚಿ, ಮೋಟರಿಗೆ ಪ್ಲಾಸ್ಟಿಕ್ ಹೊದಿಸಿ, ಬೇರಿಂಗಿನ ಮುಚ್ಚಳಕ್ಕೆ ಬಿಳಿ ಕಾಗದ ಅಂಟಿಸಿದೆವು. ಶಾಫ್ಟ್ ತಿರುಗುತ್ತಿರುವಾಗ ದೂರದಿಂದ ಅರಿಶಿನದ ನೀರು ಚಿಮುಕಿಸಿದೆವು. ಹಳೆಯ ಶಾಫ್ಟಿನಲ್ಲಿ ನೀರು ಕಾಲರಿನ ಅಂಚಿಗೆ ಬಂದು ಸುತ್ತಲೂ ಸಿಡಿಯಿತು, ತಗಡಿನ ಗೋಡೆಯ ಮೇಲೆ ಹಳದಿ ಪಟ್ಟಿಯೇ ಮೂಡಿತು. ಕಾಗದ ಒಣಗಿಯೇ ಇತ್ತು. ಹೊಸ ಶಾಫ್ಟಿನಲ್ಲಿ ನೀರು ಶಾಫ್ಟಿನ ಮೈಮೇಲೆ ಹರಿದು ಹಿಂದಕ್ಕೆ ಹೋಯಿತು, ಕಾಗದದ ನಡುವೆ ಹಳದಿ ಉಂಗುರ.

ಕಾಲರಿಗೆ ನಾವು ಪಟ್ಟಿಯಲ್ಲಿ ಬರೆಯದ ಇನ್ನೊಂದು ಕೆಲಸವಿತ್ತು: ನೀರು ಎಸೆಯುತ್ತದೆ. ಹಳೆಯ ನಕ್ಷೆಯಲ್ಲಿ ಅದರ ಸುಳಿವೂ ಇಲ್ಲ. ನಕ್ಷೆ ನೋಡಿ ಪಟ್ಟಿ ಮಾಡಿದ್ದೇ ನಮ್ಮ ತಪ್ಪು, ಯಂತ್ರ ದುಡಿಯುವ ಜಾಗಕ್ಕೆ ಹೋಗಿ ಮಾಡಬೇಕಿತ್ತು. ಹೋಟೆಲಿನಲ್ಲಿ ರಾತ್ರಿ ಒಂಬತ್ತರ ಮೇಲೆ ಅರ್ಧ ಗಂಟೆ ನಿಂತಿದ್ದರೆ ಹುಡುಗರು ಪೈಪು ಹಿಡಿದು ಯಂತ್ರ ತೊಳೆಯುವುದನ್ನು ನೋಡಿ ಆ ಕೆಲಸವನ್ನು ನಾವೇ ಬರೆದುಕೊಳ್ಳುತ್ತಿದ್ದೆವು.

ಹಾಗೆಂದು ಕಾಲರನ್ನು ಮರಳಿ ತರಲಿಲ್ಲ. ಹೊಸ ಕೆಲಸಕ್ಕೂ ಅದೇ ಪ್ರಶ್ನೆ ಕೇಳಿದೆವು: ನೀರು ತಡೆಯಲು ತಕ್ಕ ಬೆಲೆ ಎಷ್ಟು? ಬೇರೆ ಉಂಗುರವೊಂದನ್ನು ಮಾಡಿ ಪಿನ್ ಹೊಡೆಯುವ ಯೋಚನೆ ಬಂತು. ಆದರೆ ಉಂಗುರಕ್ಕೂ ಶಾಫ್ಟಿಗೂ ನಡುವಿನ ಸಂದಿನಲ್ಲಿ ಕಾಯಿಹಾಲು ಕೂತು ಹುಳಿಯುತ್ತದೆ, ತೊಳೆದರೂ ಹೋಗುವುದಿಲ್ಲ. ಬೆಸುಗೆ ಹಾಕಿ ನೋಡಿದೆವು, ಬಿಸಿಗೆ ಶಾಫ್ಟ್ ಬಾಗಿತು. ಕೊನೆಗೆ 25 ಮಿ.ಮೀ. ಭಾಗಕ್ಕೆ ಬಿಗಿಯಾಗಿ ಕೂರುವ ರಬ್ಬರಿನ ವಿ-ರಿಂಗ್ ಹಾಕಿದೆವು. ಅದು ಶಾಫ್ಟಿನ ಜೊತೆಗೇ ತಿರುಗುತ್ತದೆ, ತುಟಿಯಂತಹ ಅದರ ತೆಳು ಅಂಚು ಮಾತ್ರ ಬೇರಿಂಗಿನ ಮುಚ್ಚಳಕ್ಕೆ ಹಗುರವಾಗಿ ತಾಗುತ್ತದೆ. ಮುಚ್ಚಳದ ಆ ಜಾಗ ನುಣುಪಾಗಿರಬೇಕು, ಇಲ್ಲದಿದ್ದರೆ ತುಟಿ ಬೇಗ ಸವೆಯುತ್ತದೆ. ನುಣುಪು ಮಾಡುವ ಕೂಲಿಯೂ ಸೇರಿ 45 ರೂಪಾಯಿ. ಲೋಹದ ಮುಚ್ಚಳದ ಬೇರಿಂಗ್ ಬಿಟ್ಟು ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನು ಕೊಂಡೆವು, ನಮಗೆ ಸಿಕ್ಕ ದರದಲ್ಲಿ ಬೆಲೆ ಹೆಚ್ಚೇನೂ ಆಗಲಿಲ್ಲ. ಅರಿಶಿನದ ಪರೀಕ್ಷೆಯಲ್ಲಿ ಕಾಗದ ಬಿಳಿಯಾಗಿಯೇ ಉಳಿಯಿತು.

ಈಗ ಶಾಫ್ಟಿಗೆ, ವಿ-ರಿಂಗೂ ಸೇರಿ, ಬೀಳುವುದು 700 ರೂಪಾಯಿ. ಒಂದಕ್ಕೆ 380, ತಿಂಗಳಿಗೆ 22,800 ಉಳಿಯುತ್ತದೆ. ವಿ-ರಿಂಗನ್ನು ಸರ್ವಿಸಿನ ಸಮಯದಲ್ಲಿ ಬದಲಿಸಬೇಕಾದ ಭಾಗಗಳ ಪಟ್ಟಿಗೆ ಸೇರಿಸಿದ್ದೇವೆ, ಕಾಲರಿಗೆ ಆ ತೊಂದರೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಆ ಐದು ಹೋಟೆಲುಗಳ ಯಂತ್ರಗಳಿಗೆ ನಮ್ಮ ಖರ್ಚಿನಲ್ಲೇ ಹೊಸ ಬೇರಿಂಗ್ ಮತ್ತು ವಿ-ರಿಂಗ್ ಹಾಕಿಕೊಟ್ಟೆವು. ನಕ್ಷೆಯಲ್ಲಿ ವಿ-ರಿಂಗಿನ ಪಕ್ಕದಲ್ಲಿ ಅದರ ಅಳತೆಯ ಜೊತೆಗೆ 'ನೀರು ತಡೆಯುತ್ತದೆ' ಎಂದು ಬರೆಸಿದ್ದೇನೆ, ನಾಳೆ ಇನ್ನೊಬ್ಬರು ಉಳಿತಾಯ ಹುಡುಕುತ್ತಾ ಬಂದಾಗ ಅದು ಏಕೆ ಅಲ್ಲಿದೆ ಎಂದು ಅವರಿಗೆ ತಿಳಿದಿರಲಿ ಎಂದು.