ಎ, ದಿ ಗೊಂದಲಕ್ಕೆ ಪೆನ್ಸಿಲ್ ಮದ್ದು: ನನ್ನ ಅನುಭವ

ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವಾಗ ನಾಮಪದದ ಮುಂದೆ ಎ ಹಾಕಬೇಕೋ ದಿ ಹಾಕಬೇಕೋ ಅನ್ನೋದನ್ನು ಇಂಗ್ಲಿಷಿಗೆ ಹೋದಮೇಲೆ ಯೋಚಿಸಬಾರದು. ಕನ್ನಡದ ಹಾಳೆಯ ಮೇಲೇ ತೀರ್ಮಾನ ಮಾಡಿಬಿಡಬೇಕು. ನಾನು ಹೀಗೆ ಹೇಳಿದಾಗ ತುಮಕೂರಿನ ನಮ್ಮ ಅನುವಾದಕರ ಗುಂಪಿನಲ್ಲಿ ನಕ್ಕವರೇ ಜಾಸ್ತಿ. "ಕನ್ನಡದಲ್ಲಿ ಇಲ್ಲದ್ದನ್ನು ಕನ್ನಡದಲ್ಲಿ ಹುಡುಕ್ತೀಯಲ್ಲಪ್ಪಾ, ಅದೆಲ್ಲ ಕಿವಿಗೆ ರೂಢಿ ಆಗಬೇಕು" ಅಂದರು ಹಿರಿಯರೊಬ್ಬರು. ಈಗ ಅವರೇ ತಮ್ಮ ಹುಡುಗರನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಹೆಚ್ಚಾಗಿ ಆಸ್ತಿ ಪತ್ರಗಳದ್ದು. ಕ್ರಯಪತ್ರ, ವಿಭಾಗಪತ್ರ, ಉಯಿಲು. ಪುಟಕ್ಕೆ ಸುಮಾರು 200 ರೂಪಾಯಿ. ಬೆಂಗಳೂರಿನ ಒಂದು ಏಜೆನ್ಸಿಯ ಕೆಲಸ ಪದದ ಲೆಕ್ಕದಲ್ಲಿ ಬರುತ್ತಿತ್ತು. ಅವರು ಎ, ದಿ ತಪ್ಪುಗಳನ್ನು ಎಣಿಸಿ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಿದ್ದರು. ಒಂದೊಂದು ತಿಂಗಳು ಹತ್ತಿರ ಹತ್ತಿರ 1,500 ಹೋಗಿದ್ದೂ ಉಂಟು. ನೊಣದಷ್ಟು ಸಣ್ಣ ಪದಕ್ಕೆ ಅಷ್ಟು ದಂಡ!

ಮೊದಲು ಎಲ್ಲರಂತೆ ನಾನೂ ಪೂರ್ತಿ ಅನುವಾದ ಮುಗಿಸಿ, ಕೊನೆಗೆ ಒಂದು ಸುತ್ತು ಕೂತು ಎ, ದಿ ತುಂಬುತ್ತಿದ್ದೆ. ಅದು ಕೈಕೊಡುವುದು ಯಾಕೆಂದರೆ, ಅಷ್ಟು ಹೊತ್ತಿಗೆ ಕನ್ನಡದ ವಾಕ್ಯದ ಜೋಡಣೆ ಕಣ್ಮುಂದೆ ಇರುವುದಿಲ್ಲ. ನಮ್ಮ ಸುಳಿವು ಇರೋದೇ ಆ ಜೋಡಣೆಯಲ್ಲಿ. "ತೋಟದಲ್ಲಿ ಬಾವಿ ಇದೆ" ಅಂದರೆ ಬಾವಿಯ ವಿಷಯ ಹೊಸದು: ದೇರ್ ಈಸ್ ಎ ವೆಲ್. "ಬಾವಿ ತೋಟದಲ್ಲಿದೆ" ಅಂದರೆ ಯಾವ ಬಾವಿ ಅಂತ ಇಬ್ಬರಿಗೂ ಗೊತ್ತು: ದಿ ವೆಲ್ ಈಸ್ ಇನ್ ದಿ ಗಾರ್ಡನ್. ಇಂಗ್ಲಿಷಿಗೆ ಹೋಗಿ ಹುಡುಕಿದರೆ ಈ ವ್ಯತ್ಯಾಸ ಎಲ್ಲಿ ಸಿಗುತ್ತೆ?

ಆಮೇಲೆ "ಒಂದು" ಇದ್ದರೆ ಎ, "ಆ" ಅಥವಾ "ಸದರಿ" ಇದ್ದರೆ ದಿ ಅಂತ ಹಿಡಿದೆ. ಬೇಗನೇ ಬಿಟ್ಟೆ. ನಾವು ಹೊಸ ವಸ್ತುವಿಗೆ ಬಹಳ ಸಲ "ಒಂದು" ಹಾಕುವುದೇ ಇಲ್ಲ. ಹಾಕಿದಾಗಲೂ "ಒಂದು ಹತ್ತು ಮರ" ಅಂದರೆ ಅಂದಾಜು ಹತ್ತು. "ಒಂದು ಎಕರೆ" ಅಂದರೆ ಪತ್ರದಲ್ಲಿ ಲೆಕ್ಕ, ಅಲ್ಲಿ ವನ್ ಏಕರ್ ಅಂತಲೇ ಇರಬೇಕು.

ಮೂರನೆಯದು "ಅನ್ನು" ಪ್ರತ್ಯಯ. ಇದರ ಮೇಲೆ ನನಗೆ ತುಂಬಾ ಭರವಸೆ ಇತ್ತು. "ಕಾಗದ ಓದಿದರು" ಅಂದರೆ ಯಾವುದೋ ಕಾಗದ, "ಕಾಗದವನ್ನು ಓದಿದರು" ಅಂದರೆ ಗೊತ್ತಿರುವ ಕಾಗದ. ವಸ್ತುಗಳಿಗೆ ಇದು ಮುಕ್ಕಾಲು ಪಾಲು ಸರಿ. ಮನುಷ್ಯರಿಗೆ ಬಂದಾಗ ಕೆಡುತ್ತದೆ. "ಹುಡುಗಿಯನ್ನು ನೋಡಿದ" ಅನ್ನುವಾಗ ಹೊಸ ಹುಡುಗಿಯಾದರೂ "ಅನ್ನು" ಬಂದೇ ಬರುತ್ತದೆ. ಸಾಲದ್ದಕ್ಕೆ ಪತ್ರ ಬರಹಗಾರರು ಕಂಡಕಂಡಲ್ಲಿ "ಅನ್ನು" ಸೇರಿಸುತ್ತಾರೆ. ಅವರ ಬರಹದಲ್ಲಿ ಅದನ್ನು ನಂಬುವ ಹಾಗಿಲ್ಲ. "ಅನ್ನು" ಇಲ್ಲದಿದ್ದರೆ ಮಾತ್ರ ಗಮನ ಕೊಡಿ, ಅದು ಸುಮ್ನೆ ಬಿಟ್ಟಿದ್ದಲ್ಲ.

ಈಗ ಮಾಡುವುದು ಇಷ್ಟು. ಕನ್ನಡ ಪ್ರತಿಯನ್ನು ಜೆರಾಕ್ಸ್ ಮಾಡಿಸಿ, ಪೆನ್ಸಿಲ್ ಹಿಡಿದು ಪ್ರತಿ ನಾಮಪದದ ಮುಂದೆ ಬಾಯಲ್ಲೇ "ಒಂದು", "ಆ", "ಅದರ" ಮೂರನ್ನೂ ಹಾಕಿ ನೋಡುತ್ತೇನೆ. ಅರ್ಥ ಕೆಡದಂತೆ ಯಾವುದು ಕೂರುತ್ತದೋ ಅದರ ಗುರುತು. "ಒಂದು" ಕೂತರೆ ಎ. "ಆ" ಕೂತರೆ ದಿ. "ಅದರ" ಕೂತರೂ ದಿ, ಆದರೆ ಮನುಷ್ಯರಾದರೆ ಹಿಸ್ ಅಥವಾ ಹರ್. ಯಾವುದೂ ಕೂರದಿದ್ದರೆ ಸೊನ್ನೆ, ಅಂದರೆ ಎ, ದಿ ಎರಡೂ ಬೇಡ. ಸೊನ್ನೆ ಬಿದ್ದ ಕಡೆ ಮಾತು ಇಡೀ ಜಾತಿಯದ್ದು ಅಥವಾ ಪದಾರ್ಥದ್ದು ಅಂತ ಲೆಕ್ಕ. ತಹಶೀಲ್ದಾರ್ ಥರ ಆ ಜಾಗಕ್ಕೆ ಒಬ್ಬರೇ ಇರುವವರಿಗೆ "ಆ" ಅಂದರೆ ನಗು ಬರುತ್ತದೆ, ಆದರೂ ದಿ ಬೇಕು. ಅವರಿಗೆ ನಾನು ಹಾಕುವ ಗುರುತು ಬೇರೆ. ಅದನ್ನು ಇಲ್ಲಿ ಹೇಳಲ್ಲ, ಹೊಟ್ಟೆಪಾಡು ನೋಡಿ.

ಗುಬ್ಬಿ ಕಡೆಯ ಒಂದು ವಿಭಾಗಪತ್ರದ ಸಾಲುಗಳು ಹೀಗಿದ್ದವು, ಊರು, ಹೆಸರು ಬಿಟ್ಟಿದ್ದೇನೆ: "ತೋಟದ ಮೂಡಲಿಗೆ ತಂದೆಯವರು ತೋಡಿಸಿದ ಬಾವಿ ಇದೆ. ಬಾವಿಗೆ ಹೋಗಲು ದಾರಿ ಬಿಟ್ಟಿದೆ. ಪಂಪ್‌ಸೆಟ್ಟು ದೊಡ್ಡ ಮಗನಿಗೆ. ತೆಂಗಿನ ಮರ ಕಡಿಯತಕ್ಕದ್ದಲ್ಲ."

ತೋಟದ ವಿಷಯ ಮೇಲೆಯೇ ಬಂದಿದೆ, ಅದಕ್ಕೆ "ಆ". ಬಾವಿಗೆ "ಒಂದು". ಇಲ್ಲಿ ಎಷ್ಟೋ ಜನ "ತಂದೆಯವರು ತೋಡಿಸಿದ" ಅನ್ನುವ ವಿವರಣೆ ಇದೆ ಅಂತ ದಿ ಹಾಕಿಬಿಡುತ್ತಾರೆ. ದಿ ವೆಲ್ ಡಗ್ ಬೈ ದಿ ಫಾದರ್ ಅಂದರೆ ಅವರು ತೋಡಿಸಿದ್ದು ಅದೊಂದೇ ಅಂತಾಗುತ್ತದೆ. ಇದೇ ಪತ್ರದ ಷೆಡ್ಯೂಲಿನಲ್ಲಿ ಅವರೇ ತೋಡಿಸಿದ ಇನ್ನೊಂದು ಬಾವಿ ಇತ್ತು! ಎರಡನೇ ವಾಕ್ಯದ ಬಾವಿಗೆ "ಆ", ದಾರಿಗೆ "ಒಂದು". ಪಂಪ್‌ಸೆಟ್ಟಿನ ಹೆಸರು ಮೊದಲ ಸಲ ಬಂದಿದೆ, ಆದರೂ ಎ ಅಲ್ಲ. ಬಾವಿ ಬಂತು ಅಂದಮೇಲೆ "ಅದರ" ಪಂಪ್‌ಸೆಟ್ಟು, ಹಾಗಾಗಿ ದಿ. ಎ ಪಂಪ್ ಸೆಟ್ ಅಂತ ಬರೆದಿದ್ದರೆ ದೊಡ್ಡವನಿಗೆ ಯಾವುದೋ ಒಂದು ಪಂಪ್‌ಸೆಟ್ಟು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಮಕ್ಕಳು ಇಬ್ಬರೇ, ಅದಕ್ಕೆ ದಿ ಎಲ್ಡರ್ ಸನ್.

ಕೊನೆಯ ವಾಕ್ಯದಲ್ಲಿ ಅರ್ಧ ಗಂಟೆ ಹೋಯಿತು. "ತೆಂಗಿನ ಮರ" ಒಂದೋ ಹಲವೋ ಕನ್ನಡದಲ್ಲಿ ಹೇಳಬೇಕಾಗಿಲ್ಲ. "ಒಂದು" ಹಾಕಿದರೆ ಬೇರೆಯದನ್ನು ಕಡಿಯಬಹುದು ಅನ್ನಿಸುತ್ತದೆ. "ಆ" ಹಾಕೋಣ ಅಂದರೆ ಮೇಲೆ ಯಾವ ಮರದ ಮಾತೂ ಇಲ್ಲ. "ಅನ್ನು" ಕೂಡ ಇಲ್ಲ. ಹಾಗಾದರೆ ಸೊನ್ನೆ: ನೋ ಕೋಕೊನಟ್ ಟ್ರೀ ಷಲ್ ಬಿ ಕಟ್. ವಕೀಲರು ಒಂದು ಅಕ್ಷರ ತಿದ್ದಲಿಲ್ಲ.

ಇದನ್ನೇ ಬೇರೆ ಥರ ಪರೀಕ್ಷೆ ಮಾಡಿದೆ. ನನ್ನ ಇಂಗ್ಲಿಷ್ ಪ್ರತಿಯಲ್ಲಿ ಎ, ದಿ ಅಳಿಸಿ ಗೆರೆ ಬಿಟ್ಟು, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಇಬ್ಬರು ಜೂನಿಯರ್ ವಕೀಲರಿಗೆ ತುಂಬಲು ಕೊಟ್ಟೆ. ಕಾಫಿ, ದೋಸೆ ಖರ್ಚು ನನ್ನದು. ಹತ್ತರಲ್ಲಿ ಏಳೆಂಟು ಕಡೆ ಇಬ್ಬರೂ ಒಂದೇ ತುಂಬಿದರು. ಉಳಿದ ಕಡೆ ಇಬ್ಬರದೂ ಬೇರೆ ಬೇರೆ, ಎರಡೂ ವ್ಯಾಕರಣಕ್ಕೆ ಸರಿ! ಅಂಥ ಕಡೆ ಕಿವಿ ಎಷ್ಟು ರೂಢಿಯಾಗಿದ್ದರೂ ಉಪಯೋಗವಿಲ್ಲ, ಕನ್ನಡ ಪ್ರತಿ ತೆಗೆದು ನೋಡಲೇಬೇಕು. ಹಿರಿಯರ ಬಾಯಿ ಕಟ್ಟಿದ್ದು ಈ ಹಾಳೆಯೇ.

ಕತೆಗಳ ಮೇಲೂ ಪ್ರಯೋಗ ಮಾಡಿದೆ. ಅರ್ಧ ಮಾತ್ರ ನಡೆಯಿತು. ಕತೆ ಬರೆಯುವವರು ಓದುಗನಿಗೆ ಮೊದಲೇ ಗೊತ್ತಿರುವಂತೆ "ಮುದುಕಿ ಬಾಗಿಲು ತೆಗೆದಳು" ಅಂತ ಶುರು ಮಾಡುತ್ತಾರೆ. ಪೆನ್ಸಿಲ್ "ಒಂದು" ಅನ್ನುತ್ತದೆ, ಕತೆ ದಿ ಕೇಳುತ್ತದೆ. ಕತೆಗೆ ದುಡ್ಡೂ ಕಡಿಮೆ, ನಾನು ಮುಂದುವರಿಸಲಿಲ್ಲ.

ಪುಟಕ್ಕೆ ಪೆನ್ಸಿಲ್ ಕೆಲಸ ಹತ್ತು ನಿಮಿಷ ಹಿಡಿಯುತ್ತದೆ. ಆ ಏಜೆನ್ಸಿ ಈಗ ಬಿಲ್ಲು ಮುರಿಯುವುದಿಲ್ಲ, ಪದಕ್ಕೆ 20 ಪೈಸೆ ಜಾಸ್ತಿಯೇ ಕೊಡುತ್ತದೆ.

ಸ್ಥಳದ ಹೆಸರುಗಳನ್ನು ಮಾತ್ರ ಈ ಪರೀಕ್ಷೆಗೆ ಹಾಕಬೇಡಿ. ಅಲ್ಲಿ ನಡೆಯೋದು ಇಂಗ್ಲಿಷಿನ ರೂಢಿ. ನದಿಗೆ ದಿ ಬೇಕು, ಹಾಗಾಗಿ ದಿ ಜಯಮಂಗಲಿ. ಕೆರೆಗೆ ಬೇಡ, ಅಮಾನಿಕೆರೆ ಅಂತಷ್ಟೇ. ಒಂಟಿ ಬೆಟ್ಟಕ್ಕೂ ಬೇಡ, ದೇವರಾಯನದುರ್ಗ ಹಾಗೇ ಇರಲಿ. ಬೆಟ್ಟದ ಸಾಲಾದರೆ ದಿ ವೆಸ್ಟರ್ನ್ ಘಾಟ್ಸ್. ಇವುಗಳ ಒಂದು ಪಟ್ಟಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ.